ಎರಡು ಗ್ರಾಂ ಆಮ್ಲ, ಎಷ್ಟು ಆಸ್ಪಿರಿನ್?

ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಆಸ್ಪಿರಿನ್ ತಯಾರಿಸುವ ದಿನ ಸಂಜೆಯ ಹೊತ್ತಿಗೆ ಎಲ್ಲ ಮೇಜುಗಳ ಬಳಿಯೂ ಕೇಳಿಬರುವ ಪ್ರಶ್ನೆ ಒಂದೇ: "ನಿಂಗೆಷ್ಟು ಬಂತು?" ಒಬ್ಬಳಿಗೆ ಶೇ. 70, ಪಕ್ಕದವನಿಗೆ ಶೇ. 88, ಮೂಲೆಯ ಮೇಜಿನವರಿಗೆ ಶೇ. 112. ಈ ಅಂಕಿಯ ಹೆಸರು ಶೇಕಡಾ ಇಳುವರಿ. ತಯಾರಾದ ವಸ್ತು ಎಷ್ಟು, ತಯಾರಾಗಬಹುದಾಗಿದ್ದದ್ದು ಎಷ್ಟು ಎಂಬ ಎರಡು ಲೆಕ್ಕಗಳನ್ನು ಭಾಗಿಸಿ ನೂರರಿಂದ ಗುಣಿಸಿದರೆ ಅದು ಸಿಗುತ್ತದೆ. ಭಾಗಾಕಾರವನ್ನು ಏಳನೇ ತರಗತಿಯ ಮಕ್ಕಳೂ ಮಾಡಬಲ್ಲರು. ಕಷ್ಟವಿರುವುದು ಭಾಗಾಕಾರಕ್ಕೆ ಮುಂಚೆ. ಮೇಲಿನ ಸಂಖ್ಯೆ ನಿಜವಾಗಿ ಆಸ್ಪಿರಿನ್‌ನ ತೂಕವೇ, ಕೆಳಗಿನ ಸಂಖ್ಯೆ ಸರಿಯಾದ ವಸ್ತುವಿನಿಂದ ಲೆಕ್ಕ ಹಾಕಿದ್ದೇ ಎಂಬುದು ಖಾತ್ರಿಯಾಗದಿದ್ದರೆ ಉತ್ತರ ಎಷ್ಟು ಬಂದರೂ ಅದಕ್ಕೆ ಅರ್ಥವಿಲ್ಲ.

ಆಸ್ಪಿರಿನ್ ಈ ವಿಷಯವನ್ನು ಅರಿಯಲು ತುಂಬ ಒಳ್ಳೆಯ ಉದಾಹರಣೆ. ತಲೆನೋವಿಗೂ ಹೃದ್ರೋಗಿಗಳ ರಕ್ತ ಹೆಪ್ಪುಗಟ್ಟದಂತೆ ತಡೆಯಲೂ ಕೊಡುವ ಈ ಮಾತ್ರೆಯ ವಸ್ತುವನ್ನು ಫ್ರಾನ್ಸಿನ ಚಾರ್ಲ್ಸ್ ಗೆರ್ಹಾರ್ಟ್ 1853ರಲ್ಲೇ ತಯಾರಿಸಿದ್ದರು. ಆದರೆ ಅದು ಶುದ್ಧವಾಗಿರಲಿಲ್ಲ. ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಅದನ್ನು ಶುದ್ಧ ರೂಪದಲ್ಲಿ ಪಡೆದರು. ಅವರು ಬಳಸಿದ ಎರಡು ವಸ್ತುಗಳನ್ನೇ ಇಂದಿಗೂ ವಿದ್ಯಾರ್ಥಿಗಳು ಬಳಸುತ್ತಾರೆ. ಒಂದು ಸ್ಯಾಲಿಸಿಲಿಕ್ ಆಮ್ಲ, ಬಿಳಿಯ ನವಿರಾದ ಪುಡಿ. ಇನ್ನೊಂದು ಅಸಿಟಿಕ್ ಆನ್‌ಹೈಡ್ರೈಡ್, ಮೂಗಿಗೆ ಚುರ್ರೆನ್ನುವ ಬಣ್ಣವಿಲ್ಲದ ದ್ರವ. (ಹೆರಾಯಿನ್ ತಯಾರಿಕೆಗೂ ಬಳಕೆಯಾಗುವುದರಿಂದ ಈ ದ್ರವ ಭಾರತದಲ್ಲಿ ನಿಯಂತ್ರಿತ ವಸ್ತುಗಳ ಪಟ್ಟಿಯಲ್ಲಿದೆ. ಪ್ರತಿ ಬಾಟಲಿಗೂ ಲೆಕ್ಕ ಇಡಬೇಕು.)

ನಡೆಯುವ ಕ್ರಿಯೆ ಹೀಗಿದೆ:

C7H6O3 + C4H6O3 → C9H8O4 + C2H4O2

ಸ್ಯಾಲಿಸಿಲಿಕ್ ಆಮ್ಲದ ಒಂದು ಅಣು, ಆನ್‌ಹೈಡ್ರೈಡಿನ ಒಂದು ಅಣು ಸೇರಿದರೆ ಆಸ್ಪಿರಿನ್‌ನ ಒಂದು ಅಣು ಹುಟ್ಟುತ್ತದೆ. ಜೊತೆಯಲ್ಲಿ ಅಸಿಟಿಕ್ ಆಮ್ಲದ ಒಂದು ಅಣು, ಅಂದರೆ ವಿನೆಗರ್‌ಗೆ ಹುಳಿ ಕೊಡುವ ಆಮ್ಲ, ಹೊರಬೀಳುತ್ತದೆ.

ಪ್ರಯೋಗದ ಕ್ರಮ ಸರಳ. 2.00 ಗ್ರಾಂ ಸ್ಯಾಲಿಸಿಲಿಕ್ ಆಮ್ಲವನ್ನು ತೂಗಿ ಒಣಗಿದ ಕೋನಿಕಲ್ ಫ್ಲಾಸ್ಕಿಗೆ ಹಾಕುತ್ತಾರೆ. ಅದಕ್ಕೆ 5 ಮಿ.ಲೀ. ಆನ್‌ಹೈಡ್ರೈಡ್, ಕ್ರಿಯೆಯನ್ನು ಚುರುಕುಗೊಳಿಸಲು ನಾಲ್ಕೈದು ಹನಿ ಗಂಧಕಾಮ್ಲ. ಬಿಸಿನೀರಿನ ತೊಟ್ಟಿಯಲ್ಲಿ ಹದಿನೈದು ನಿಮಿಷ ಇಟ್ಟರೆ ಪುಡಿಯೆಲ್ಲ ಕರಗಿ ತಿಳಿಯಾಗುತ್ತದೆ. ಆಮೇಲೆ ತುಸು ತುಸುವೇ ನೀರು ಹಾಕಿ ಉಳಿದ ಆನ್‌ಹೈಡ್ರೈಡನ್ನು ನಾಶಮಾಡಬೇಕು. ನೀರು ತಗುಲಿದರೆ ಅದು ಅಸಿಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಈ ಹೊತ್ತಿನಲ್ಲಿ ಬಿಸಿ ಹಬೆ ಏಳುವುದರಿಂದ ಫ್ಲಾಸ್ಕಿನ ಬಾಯಿಯ ಮೇಲೆ ಮುಖ ಹಿಡಿಯಬಾರದು. ಕೊನೆಗೆ ಇನ್ನಷ್ಟು ತಣ್ಣೀರು ಬೆರೆಸಿ ಮಂಜುಗಡ್ಡೆಯಲ್ಲಿಟ್ಟರೆ ಆಸ್ಪಿರಿನ್ ಹರಳುಗಟ್ಟುತ್ತದೆ. ಹರಳು ಬೀಳದೆ ಸತಾಯಿಸಿದರೆ ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆಯನ್ನು ಗೀರುತ್ತಾರೆ. ಹರಳುಗಳು ಹಿಡಿದುಕೊಂಡು ಬೆಳೆಯಲು ಅಲ್ಲಿ ನೆಲೆ ಸಿಗುತ್ತದೆ. ಬುಕ್ನರ್ ಫನಲ್‌ನಲ್ಲಿ ಸೋಸಿ, ಮಂಜಿನ ನೀರಿನಿಂದ ತೊಳೆದು, ಒಣಗಿಸಿ ತೂಗಿದರೆ ವಾಸ್ತವ ಇಳುವರಿ ಸಿಕ್ಕಿತು ಎಂದು ಕೈಪಿಡಿ ಹೇಳುತ್ತದೆ.

ಮೊದಲು ಕೆಳಗಿನ ಸಂಖ್ಯೆಯನ್ನು ನೋಡೋಣ. ಅದು ಸೈದ್ಧಾಂತಿಕ ಇಳುವರಿ. ಹಾಕಿದ ವಸ್ತುವಿನ ಒಂದು ಅಣುವೂ ವ್ಯರ್ಥವಾಗದೆ ಆಸ್ಪಿರಿನ್ ಆಗಿದ್ದರೆ ಎಷ್ಟು ಗ್ರಾಂ ಸಿಗಬೇಕಿತ್ತು ಎಂಬ ಲೆಕ್ಕ. ಇಲ್ಲಿ ಗ್ರಾಂಗಳನ್ನು ನೇರವಾಗಿ ಹೋಲಿಸಿದರೆ ಎಡವುತ್ತೇವೆ. ಅಣುಗಳು ಕೂಡುವುದು ಎಣಿಕೆಯ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಲ್ಲ. ಆಸ್ಪಿರಿನ್ ಅಣು ಸ್ಯಾಲಿಸಿಲಿಕ್ ಆಮ್ಲದ ಅಣುವಿಗಿಂತ ಭಾರ, ಏಕೆಂದರೆ ಆನ್‌ಹೈಡ್ರೈಡಿನ ಒಂದು ತುಣುಕು ಅದಕ್ಕೆ ಅಂಟಿಕೊಂಡಿದೆ. ಹಾಗಾಗಿ 2 ಗ್ರಾಂ ಆಮ್ಲ ಹಾಕಿದರೆ 2 ಗ್ರಾಂಗಿಂತ ಹೆಚ್ಚು ಆಸ್ಪಿರಿನ್ ಬರುವುದು ಸಹಜವೇ. ಇದನ್ನು ಮರೆತು, ಬಂದ ಆಸ್ಪಿರಿನ್‌ನ ತೂಕವನ್ನು ಹಾಕಿದ ಆಮ್ಲದ ತೂಕದಿಂದ ಭಾಗಿಸುವುದು ರೆಕಾರ್ಡ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಎಣಿಕೆಗೂ ತೂಕಕ್ಕೂ ನಡುವಿನ ಸೇತುವೆಯೇ ಮೋಲ್. 138.1 ಗ್ರಾಂ ಸ್ಯಾಲಿಸಿಲಿಕ್ ಆಮ್ಲದಲ್ಲಿ ಎಷ್ಟು ಅಣುಗಳಿವೆಯೋ 180.2 ಗ್ರಾಂ ಆಸ್ಪಿರಿನ್‌ನಲ್ಲೂ 102.1 ಗ್ರಾಂ ಆನ್‌ಹೈಡ್ರೈಡಿನಲ್ಲೂ ಅಷ್ಟೇ ಅಣುಗಳಿವೆ. ಅಷ್ಟು ಅಣುಗಳ ರಾಶಿಗೆ ಒಂದು ಮೋಲ್ ಎನ್ನುತ್ತೇವೆ. ನಮ್ಮ 2.00 ಗ್ರಾಂ ಆಮ್ಲವನ್ನು 138.1ರಿಂದ ಭಾಗಿಸಿದರೆ 0.0145 ಮೋಲ್. ಆನ್‌ಹೈಡ್ರೈಡ್ ದ್ರವವಾದ್ದರಿಂದ ಮೊದಲು ಅದರ ತೂಕ ಬೇಕು. ಒಂದು ಮಿ.ಲೀ. 1.08 ಗ್ರಾಂ ತೂಗುತ್ತದೆ, ಆದ್ದರಿಂದ 5 ಮಿ.ಲೀ.ಗೆ 5.4 ಗ್ರಾಂ. ಅದನ್ನು 102.1ರಿಂದ ಭಾಗಿಸಿದರೆ 0.053 ಮೋಲ್.

ಮದುವೆಮನೆಯಲ್ಲಿ ತಾಂಬೂಲದ ಚೀಲಗಳು 53 ಇದ್ದು ತೆಂಗಿನಕಾಯಿ 14 ಮಾತ್ರ ಇದ್ದರೆ, ಕಾಯಿ ಹಾಕಿದ ಚೀಲ 14 ಮಾತ್ರ ಸಿದ್ಧವಾಗುತ್ತದೆ. ಉಳಿದ ಚೀಲಗಳು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಇಲ್ಲಿ ಸ್ಯಾಲಿಸಿಲಿಕ್ ಆಮ್ಲವೇ ಆ ತೆಂಗಿನಕಾಯಿ. ಮೊದಲು ಮುಗಿದುಹೋಗಿ ಉತ್ಪನ್ನಕ್ಕೆ ಮಿತಿ ಹಾಕುವ ಇಂಥ ವಸ್ತುವನ್ನು ಪಿಯುಸಿ ಪುಸ್ತಕದಿಂದಲೇ ಲಿಮಿಟಿಂಗ್ ರೀಏಜೆಂಟ್ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳು ಕಲಿತಿರುತ್ತಾರೆ. 0.0145 ಮೋಲ್ ಆಮ್ಲದಿಂದ ಹೆಚ್ಚೆಂದರೆ 0.0145 ಮೋಲ್ ಆಸ್ಪಿರಿನ್. ಅದನ್ನು 180.2ರಿಂದ ಗುಣಿಸಿದರೆ 2.61 ಗ್ರಾಂ. ಇದೇ ನಮ್ಮ ಸೈದ್ಧಾಂತಿಕ ಇಳುವರಿ.

ತಪ್ಪಿ ಆನ್‌ಹೈಡ್ರೈಡಿನಿಂದ ಲೆಕ್ಕ ಶುರುಮಾಡಿದರೆ 9.5 ಗ್ರಾಂ ಬರಬೇಕಿತ್ತು ಎಂದಾಗುತ್ತದೆ. ಆಗ ಚೊಕ್ಕವಾಗಿ ಕೆಲಸ ಮಾಡಿ 1.83 ಗ್ರಾಂ ತೆಗೆದ ವಿದ್ಯಾರ್ಥಿನಿಯೂ ಶೇ. 19 ಎಂದು ಬರೆದು ಪೆಚ್ಚುಮೋರೆ ಹಾಕಿಕೊಳ್ಳುತ್ತಾಳೆ. ಕೈಕೆಲಸದಲ್ಲಿ ಯಾವ ದೋಷವೂ ಇಲ್ಲ. ಲೆಕ್ಕ ಹಿಡಿದ ತುದಿಯೇ ತಪ್ಪು.

ಆನ್‌ಹೈಡ್ರೈಡನ್ನು ಮೂರೂವರೆ ಪಟ್ಟು ಹೆಚ್ಚು ಹಾಕುವುದೇಕೆ ಎಂದು ಯಾರಾದರೂ ಕೇಳಬಹುದು. ಅದರಲ್ಲಿ ಯೋಚನೆಯಿದೆ. ಆ ದ್ರವವೇ ಪುಡಿಯನ್ನು ಕರಗಿಸಿಕೊಳ್ಳುವ ಮಾಧ್ಯಮವೂ ಹೌದು. ಸ್ಯಾಲಿಸಿಲಿಕ್ ಆಮ್ಲದ ಪ್ರತಿ ಅಣುವಿಗೂ ಜೊತೆಗಾರ ಸಿಗುವಂತೆ ಅದು ನೋಡಿಕೊಳ್ಳುತ್ತದೆ. ಕೊನೆಯಲ್ಲಿ ಮಿಕ್ಕಿದ್ದನ್ನು ನೀರು ಹಾಕಿ ಅಸಿಟಿಕ್ ಆಮ್ಲವಾಗಿಸಿ ತೊಳೆದುಬಿಡಬಹುದು. ಅದೇ ಸ್ಯಾಲಿಸಿಲಿಕ್ ಆಮ್ಲ ಮಿಕ್ಕಿದ್ದರೆ? ಅದೂ ಬಿಳಿಯ ಘನವಸ್ತು, ತಣ್ಣೀರಿನಲ್ಲಿ ಅದೂ ಸುಲಭವಾಗಿ ಕರಗದು. ಆಸ್ಪಿರಿನ್ ಜೊತೆಯಲ್ಲೇ ಫಿಲ್ಟರ್ ಪೇಪರ್ ಮೇಲೆ ಕೂತುಬಿಡುತ್ತದೆ. ಯಾವುದನ್ನು ತೊಡೆದುಹಾಕುವುದು ಸುಲಭವೋ ಅದನ್ನು ಹೆಚ್ಚಿಗೆ ಹಾಕುವುದು ರಸಾಯನಶಾಸ್ತ್ರಜ್ಞರ ಹಳೆಯ ಪದ್ಧತಿ. ಹಾಫ್‌ಮನ್‌ರ ಹೆಸರಿನಲ್ಲಿ 1900ರಲ್ಲಿ ಅಮೆರಿಕದಲ್ಲಿ ನೀಡಲಾದ ಪೇಟೆಂಟಿನಲ್ಲಿ 50 ಪಾಲು ಸ್ಯಾಲಿಸಿಲಿಕ್ ಆಮ್ಲಕ್ಕೆ 75 ಪಾಲು ಆನ್‌ಹೈಡ್ರೈಡ್ ಎಂದಿದೆ. ಮೋಲ್‌ಗಳಿಗೆ ಬದಲಿಸಿ ನೋಡಿದರೆ ಅದು ಸರಿಸುಮಾರು ಎರಡು ಪಟ್ಟು.

ಇದರಿಂದ ಅಳತೆಯ ಬಗ್ಗೆ ಒಂದು ಪ್ರಾಯೋಗಿಕ ತಿಳಿವಳಿಕೆಯೂ ಸಿಗುತ್ತದೆ. ಆನ್‌ಹೈಡ್ರೈಡ್ 5 ಮಿ.ಲೀ. ಬದಲು 4.8 ಆದರೂ 5.3 ಆದರೂ ಲೆಕ್ಕ ಕದಲುವುದಿಲ್ಲ. ಅಳತೆಯ ಸಿಲಿಂಡರ್ ಸಾಕು. ಸ್ಯಾಲಿಸಿಲಿಕ್ ಆಮ್ಲದ ತೂಕ ಹಾಗಲ್ಲ. 2.00 ಬದಲು 2.10 ಗ್ರಾಂ ಬಿದ್ದಿದ್ದರೆ ಸೈದ್ಧಾಂತಿಕ ಇಳುವರಿ 2.74 ಗ್ರಾಂಗೆ ಏರುತ್ತದೆ. ಕೈಪಿಡಿಯಲ್ಲಿ 2 ಗ್ರಾಂ ಎಂದಿದೆ ಎಂದು ಅದನ್ನೇ ಬರೆಯದೆ, ತಕ್ಕಡಿ ತೋರಿಸಿದ್ದನ್ನೇ ಬರೆದುಕೊಳ್ಳಬೇಕು.

ಈಗ ಮೇಲಿನ ಸಂಖ್ಯೆಗೆ ಬರೋಣ. ನಿಜವಾದ ಕಥೆ ಇರುವುದು ಅಲ್ಲೇ. ಲೆಕ್ಕಕ್ಕಾಗಿ ಒಬ್ಬ ವಿದ್ಯಾರ್ಥಿನಿಯ ಕೆಲಸವನ್ನು ಹಂತ ಹಂತವಾಗಿ ಹಿಂಬಾಲಿಸೋಣ.

ಬುಕ್ನರ್ ಫನಲ್‌ನಿಂದ ಹರಳುಗಳನ್ನು ಕೆರೆದು ವಾಚ್ ಗ್ಲಾಸಿನ ಮೇಲೆ ಹಾಕಿ ಕೂಡಲೇ ತೂಗಿದಾಗ 2.94 ಗ್ರಾಂ ಬಂತು. ಶೇ. 112! ದ್ರವ್ಯ ಶೂನ್ಯದಿಂದ ಹುಟ್ಟುವುದಿಲ್ಲ, ಆದ್ದರಿಂದ ನೂರು ದಾಟಿದ ಇಳುವರಿ ಯಾವತ್ತೂ ಒಂದೇ ಸುದ್ದಿ ಹೇಳುತ್ತದೆ: ತಕ್ಕಡಿಯ ಮೇಲೆ ಆಸ್ಪಿರಿನ್ ಅಲ್ಲದ್ದೂ ಕೂತಿದೆ. ಬಹುಪಾಲು ಅದು ನೀರು. ಪಂಪು ಎಷ್ಟೇ ಎಳೆದರೂ ಹರಳುಗಳ ಸಂದಿಯಲ್ಲಿ ನೀರೂ ಅಸಿಟಿಕ್ ಆಮ್ಲವೂ ಉಳಿದಿರುತ್ತವೆ. ಮೂಸಿ ನೋಡಿದರೆ ವಿನೆಗರ್ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲವೆಂದೇ ಅರ್ಥ. ಇನ್ನೊಂದು ಸಾಮಾನ್ಯ ಕಾರಣ ಫಿಲ್ಟರ್ ಪೇಪರ್. ಏಳು ಸೆಂಟಿಮೀಟರ್ ಅಗಲದ ದುಂಡನೆಯ ಫಿಲ್ಟರ್ ಪೇಪರ್ ಸುಮಾರು ಮೂರನೇ ಒಂದು ಗ್ರಾಂ ತೂಗುತ್ತದೆ. ಪೇಪರ್ ಸಮೇತ ತೂಗಿ ಅದನ್ನು ಕಳೆಯಲು ಮರೆತರೆ ಅಷ್ಟರಿಂದಲೇ ಇಳುವರಿ ಶೇ. 13ರಷ್ಟು ಉಬ್ಬುತ್ತದೆ.

ಒಣಗಿಸುವುದಕ್ಕೂ ತಾಳ್ಮೆ ಬೇಕು. ಅವಸರಕ್ಕೆ ಹೆಚ್ಚು ಕಾವಿನ ಓವನ್‌ನಲ್ಲಿಟ್ಟರೆ ಒದ್ದೆ ಆಸ್ಪಿರಿನ್ ನೀರಿನೊಂದಿಗೆ ವರ್ತಿಸಿ ಮತ್ತೆ ಸ್ಯಾಲಿಸಿಲಿಕ್ ಆಮ್ಲವಾಗತೊಡಗುತ್ತದೆ. ಗಾಳಿಗೆ ಹರಡಿಟ್ಟು, ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಡೆಸಿಕೇಟರ್‌ನಲ್ಲಿ ರಾತ್ರಿಯಿಡೀ ಇಡುವುದು ಒಳ್ಳೆಯದು. ಬೇಸಿಗೆಯ ಬಳ್ಳಾರಿಯಲ್ಲಿ ಮೇಜಿನ ಮೇಲೆ ಬೇಗ ಒಣಗುವ ಹರಳು ಆಷಾಢದ ಮಂಗಳೂರಿನಲ್ಲಿ ಎರಡು ದಿನವಾದರೂ ತೇವ ಬಿಡಲಿಕ್ಕಿಲ್ಲ. ಒಣಗಿದೆಯೋ ಇಲ್ಲವೋ ತಿಳಿಯಲು ಕಣ್ಣನ್ನು ನಂಬುವಂತಿಲ್ಲ. ಒಮ್ಮೆ ತೂಗಿ, ಕೆಲವು ಗಂಟೆ ಬಿಟ್ಟು ಮತ್ತೆ ತೂಗಿ, ಎರಡೂ ಒಂದೇ ಬಂದರೆ ಒಣಗಿದೆ.

ನಮ್ಮ ವಿದ್ಯಾರ್ಥಿನಿ ಹಾಗೆ ಒಣಗಿಸಿದಾಗ ತೂಕ 2.31 ಗ್ರಾಂಗೆ ಇಳಿದು ನಿಂತಿತು. ಶೇ. 88.5. ನೋಡಲು ಚೆನ್ನಾಗಿದೆ, ನೂರರೊಳಗಿದೆ. ಹೆಚ್ಚಿನವರು ಇಲ್ಲೇ ರೆಕಾರ್ಡ್ ಬರೆದು ಮುಗಿಸುತ್ತಾರೆ.

ಆದರೆ ಇದು ಆಸ್ಪಿರಿನ್ನೇ ಎಂದು ಯಾರು ಹೇಳಿದರು? ಒಂದು ಪ್ರಯೋಗವನ್ನು ಮನಸ್ಸಿನಲ್ಲೇ ಮಾಡಿ ನೋಡಿ. ಗಂಧಕಾಮ್ಲದ ಹನಿ ಹಾಕುವುದನ್ನು ಯಾರೋ ಮರೆತರು, ನೀರಿನ ತೊಟ್ಟಿಯೂ ಸರಿಯಾಗಿ ಕಾದಿರಲಿಲ್ಲ, ಕ್ರಿಯೆ ನಡೆಯಲೇ ಇಲ್ಲ ಎಂದಿಟ್ಟುಕೊಳ್ಳಿ. ನೀರು ಹಾಕಿ, ತಣಿಸಿ, ಸೋಸಿದಾಗ ಹಾಕಿದ ಸ್ಯಾಲಿಸಿಲಿಕ್ ಆಮ್ಲವೇ ವಾಪಸ್ ಬಂತು. ಎರಡು ಗ್ರಾಂ ಪೂರ್ತಿ ಬಂದರೆ 2.00ನ್ನು 2.61ರಿಂದ ಭಾಗಿಸಿ ಶೇ. 76 ಇಳುವರಿ ಎಂದು ಬರೆಯಬಹುದು. ಸೋಸುವಾಗ ಸ್ವಲ್ಪ ಕಳೆದು 1.83 ಗ್ರಾಂ ಬಂದಿದ್ದರೆ ಶೇ. 70. ಒಂದು ಅಣು ಆಸ್ಪಿರಿನ್ ಕೂಡ ಹುಟ್ಟಿಲ್ಲ. ಆದರೂ ಇಳುವರಿ ಒಳ್ಳೆಯ ದರ್ಜೆಯದು, ಹರಳುಗಳೂ ಬೆಳ್ಳಗಿವೆ. ಶೇಕಡಾ ಇಳುವರಿ ಪಾಠ ಮಾಡುವಾಗ ಈ ಲೆಕ್ಕವನ್ನು ಮೊದಲ ದಿನವೇ ವಿದ್ಯಾರ್ಥಿಗಳ ಮುಂದೆ ಇಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ತಕ್ಕಡಿಗೆ ತೂಕ ಗೊತ್ತು, ವಸ್ತುವಿನ ಗುರುತು ಗೊತ್ತಿಲ್ಲ.

ಗುರುತು ಹಿಡಿಯಲು ಕಾಲೇಜಿನ ಪ್ರಯೋಗಾಲಯದಲ್ಲೇ ಎರಡು ದಾರಿಗಳಿವೆ. ಮೊದಲನೆಯದು ಫೆರಿಕ್ ಕ್ಲೋರೈಡ್ ಪರೀಕ್ಷೆ. ಸ್ಯಾಲಿಸಿಲಿಕ್ ಆಮ್ಲದ ಅಣುವಿನಲ್ಲಿ ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿದ ಒಂದು ಹೈಡ್ರಾಕ್ಸಿಲ್ ಗುಂಪು ಇದೆ. ಫೆರಿಕ್ ಕ್ಲೋರೈಡಿನ ಕಬ್ಬಿಣ ಅದನ್ನು ಹಿಡಿದುಕೊಂಡಾಗ ಗಾಢ ನೇರಳೆ ಬಣ್ಣ ಬರುತ್ತದೆ. ಆಸ್ಪಿರಿನ್ ಆಗುವಾಗ ಆ ಗುಂಪಿನ ಮೇಲೆಯೇ ಅಸಿಟೈಲ್ ತುಣುಕು ಕೂತು ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಶುದ್ಧ ಆಸ್ಪಿರಿನ್‌ಗೆ ನೇರಳೆ ಬರುವುದಿಲ್ಲ, ದ್ರಾವಣದ ತೆಳು ಹಳದಿ ಹಾಗೇ ಉಳಿಯುತ್ತದೆ. ನಾಲ್ಕು ಹರಳು, ಒಂದು ಹನಿ ಸಾಕು. ತೀರಾ ಕಡಿಮೆ ಸ್ಯಾಲಿಸಿಲಿಕ್ ಆಮ್ಲ ಇದ್ದರೂ ಬಣ್ಣ ಹೇಳಿಬಿಡುತ್ತದೆ. ಹಳೆಯ ಆಸ್ಪಿರಿನ್ ಮಾತ್ರೆಯನ್ನು ತೇವದಲ್ಲಿ ಇಟ್ಟಿದ್ದರೆ ಅದೂ ನೇರಳೆ ತೋರಿಸಬಹುದು.

ಎರಡನೆಯದು ಕರಗುವ ಬಿಂದು. ಆಸ್ಪಿರಿನ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸ್ಯಾಲಿಸಿಲಿಕ್ ಆಮ್ಲ 159ರ ಆಸುಪಾಸಿನಲ್ಲಿ. ಇವೆರಡರ ಮಿಶ್ರಣ ನಡುವೆ ಎಲ್ಲೋ ಕರಗೀತು ಎಂದು ನಾವು ಎಣಿಸುತ್ತೇವೆ. ಆಗುವುದು ಬೇರೆ. ಆಸ್ಪಿರಿನ್‌ನಲ್ಲಿ ತುಸು ಸ್ಯಾಲಿಸಿಲಿಕ್ ಆಮ್ಲ ಬೆರೆತಿದ್ದರೆ ಅದು 135ಕ್ಕಿಂತಲೂ ಕೆಳಗೇ ಕರಗತೊಡಗುತ್ತದೆ. ಅದೂ ಒಮ್ಮೆಲೇ ಅಲ್ಲ, ಹಲವು ಡಿಗ್ರಿಗಳ ಉದ್ದಕ್ಕೂ ಮೆತ್ತಗಾಗುತ್ತಾ ಹೋಗುತ್ತದೆ. ಅಚ್ಚುಕಟ್ಟಾಗಿ ಜೋಡಿಸಿಕೊಂಡ ಹರಳಿನ ಸಾಲಿನಲ್ಲಿ ಹೊರಗಿನ ಅಣು ಬಂದು ಸೇರಿದರೆ ಕಟ್ಟು ಸಡಿಲವಾಗುತ್ತದೆ. ಆ ಹೊರಗಿನದರ ಸ್ವಂತ ಕರಗುವ ಬಿಂದು ಎಷ್ಟು ಎತ್ತರದ್ದು ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ.

ನಮ್ಮ 2.31 ಗ್ರಾಂ ಹರಳು 126ರಿಂದ 131 ಡಿಗ್ರಿಯವರೆಗೆ ಎಳೆದುಕೊಂಡು ಕರಗಿತು, ಫೆರಿಕ್ ಕ್ಲೋರೈಡಿಗೆ ನೇರಳೆ ತೋರಿಸಿತು. ಅಂದರೆ ಶೇ. 88.5ರಲ್ಲಿ ಸ್ವಲ್ಪ ಭಾಗ ಆಸ್ಪಿರಿನ್ ಅಲ್ಲ. ಇಂಥ ತೂಕದಿಂದ ಬರುವ ಅಂಕಿಯನ್ನು ಕಚ್ಚಾ ಇಳುವರಿ ಎಂದೇ ಬರೆಯಬೇಕು. ಆ ಹರಳಿನಲ್ಲಿ ಹತ್ತರಲ್ಲಿ ಒಂದು ಪಾಲು ಸ್ಯಾಲಿಸಿಲಿಕ್ ಆಮ್ಲ ಇದೆಯೆಂದು ಊಹಿಸಿದರೆ ಒಳಗಿರುವ ಆಸ್ಪಿರಿನ್ 2.08 ಗ್ರಾಂ, ಇಳುವರಿ ಶೇ. 80.

ಶುದ್ಧ ಮಾಡಲು ಹರಳನ್ನು ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸುತ್ತಾರೆ. ತುಸುವೇ ಬೆಚ್ಚಗಿನ ಆಲ್ಕೋಹಾಲಿನಲ್ಲಿ ಕರಗಿಸಿ, ಬೆಚ್ಚಗಿನ ನೀರು ಸೇರಿಸಿ, ನಿಧಾನಕ್ಕೆ ತಣಿಯಲು ಬಿಡಬೇಕು. ಆಸ್ಪಿರಿನ್ ಅಣುಗಳು ತಮ್ಮವರೊಡನೆ ಸಾಲುಗೂಡಿ ಹೊಸ ಹರಳಾಗುತ್ತವೆ. ಪ್ರಮಾಣದಲ್ಲಿ ಕಡಿಮೆಯಿರುವ ಸ್ಯಾಲಿಸಿಲಿಕ್ ಆಮ್ಲ ಬಹುಪಾಲು ದ್ರವದಲ್ಲೇ ಉಳಿಯುತ್ತದೆ. ಹೀಗೆ ಸಿಕ್ಕ ಸೂಜಿಯಂಥ ಹರಳು ಒಣಗಿದ ಮೇಲೆ 1.83 ಗ್ರಾಂ ತೂಗಿತು. 134ರಿಂದ 136 ಡಿಗ್ರಿಯೊಳಗೆ ಕರಗಿತು. ನೇರಳೆ ಬರಲಿಲ್ಲ. 1.83ನ್ನು 2.61ರಿಂದ ಭಾಗಿಸಿದರೆ 0.70. ಆ ಶೇ. 70 ಈಗ ಮೈಮೇಲೆ ಸಾಕ್ಷ್ಯ ಹೊತ್ತುಕೊಂಡ ಅಂಕಿ. ಶೇ. 112ಕ್ಕಿಂತಲೂ ಶೇ. 88ಕ್ಕಿಂತಲೂ ಇದೇ ಮೇಲು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಇಳುವರಿ ಹೆಚ್ಚಿದ್ದಷ್ಟೂ ಅಂಕ ಹೆಚ್ಚು ಕೊಡುವ ಪರೀಕ್ಷಕರು ತೇವವಿದ್ದ ಹರಳಿಗೆ ಬಹುಮಾನ ಕೊಟ್ಟಂತೆ. ಹರಳಿನ ಪೊಟ್ಟಣ, ಕರಗುವ ಬಿಂದು, ಇಳುವರಿ ಮೂರನ್ನೂ ಒಟ್ಟಿಗೆ ನೋಡಿ ಅಂಕ ಕೊಡುವುದು ನ್ಯಾಯ.

ಮಿಕ್ಕ ಶೇ. 30 ಎಲ್ಲಿಗೆ ಹೋಯಿತು? ಅರ್ಧದಷ್ಟು ಉತ್ತರ ಸಿಂಕಿನಲ್ಲಿದೆ. ಸೋಸಿದ ಮೇಲೆ ಕೆಳಗೆ ಉಳಿಯುವ ದ್ರವಕ್ಕೆ ಪ್ರಯೋಗಾಲಯದಲ್ಲಿ ಮದರ್ ಲಿಕರ್ ಎನ್ನುತ್ತಾರೆ. ಆಸ್ಪಿರಿನ್ ನೀರಿನಲ್ಲಿ ಕರಗದು ಎನ್ನುವುದು ಮಾತಿಗೆ. ಸಾಮಾನ್ಯ ಕೋಣೆಯ ಕಾವಿನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 3 ಗ್ರಾಂ ಕರಗುತ್ತದೆ. ಐವತ್ತು ಮಿ.ಲೀ. ನೀರನ್ನು ಮಂಜಿನಲ್ಲಿ ತಣಿಸದೆ ಹಾಗೇ ಸೋಸಿದರೆ 0.15 ಗ್ರಾಂ ಆಸ್ಪಿರಿನ್ ಅದರೊಂದಿಗೆ ಹರಿದುಹೋಗುತ್ತದೆ. ಅಷ್ಟಕ್ಕೇ ಇಳುವರಿಯಲ್ಲಿ ಶೇ. 6 ಇಳಿಕೆ. ನೀರಿನಲ್ಲಿ ಅಸಿಟಿಕ್ ಆಮ್ಲ ಬೆರೆತಿರುವುದರಿಂದ ಕರಗುವುದು ಇನ್ನೂ ತುಸು ಹೆಚ್ಚೇ. ಮಂಜುಗಡ್ಡೆ ಬೇಕೇಬೇಕು ಎಂದು ಮೇಷ್ಟ್ರು ಒತ್ತಿ ಹೇಳುವುದಕ್ಕೆ ಕಾರಣ ಇದು. ಹರಳು ಚೊಕ್ಕವಾಗಲೆಂದು ಬಾಟಲಿಗಟ್ಟಲೆ ನೀರು ಸುರಿದು ತೊಳೆಯುವವರು ಆಸ್ಪಿರಿನ್ನನ್ನೇ ತೊಳೆದು ಕಳಿಸುತ್ತಿರುತ್ತಾರೆ.

ಎರಡನೇ ಸಲ ಹರಳುಗಟ್ಟಿಸುವಾಗ ಆಲ್ಕೋಹಾಲ್ ಹೆಚ್ಚಾದರೂ ಇದೇ ಕಥೆ. ಆಸ್ಪಿರಿನ್ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಕರಗಿಸಲು ಸಾಕಾಗುವುದಕ್ಕಿಂತ ನಾಲ್ಕು ಮಿ.ಲೀ. ಹೆಚ್ಚು ಹಾಕಿದರೂ ತಣಿದ ಮೇಲೆ ಅಷ್ಟು ಹರಳು ಕಡಿಮೆ ಬೀಳುತ್ತದೆ. ಇದು ಕಳೆದುಹೋದದ್ದೋ ಹುಟ್ಟಲೇ ಇಲ್ಲದ್ದೋ ಎಂದು ತಿಳಿಯುವ ಉಪಾಯವೂ ಉಂಟು. ಮದರ್ ಲಿಕರನ್ನು ಚೆಲ್ಲದೆ ಮಂಜಿನಲ್ಲಿ ಇನ್ನೊಂದು ಗಂಟೆ ಇಟ್ಟು ನೋಡಬೇಕು. ಮತ್ತೆ ಹರಳು ಬಿದ್ದರೆ ಅದು ಎರಡನೇ ಬೆಳೆ. ಅದನ್ನು ಮೊದಲನೆಯದರ ಜೊತೆ ಬೆರೆಸದೆ ಬೇರೆಯಾಗಿ ಕರಗುವ ಬಿಂದು ನೋಡಿಯೇ ಲೆಕ್ಕಕ್ಕೆ ಸೇರಿಸಬೇಕು, ಏಕೆಂದರೆ ಎರಡನೇ ಬೆಳೆ ಸಾಮಾನ್ಯವಾಗಿ ಮೊದಲಿನಷ್ಟು ಶುದ್ಧವಿರುವುದಿಲ್ಲ. ಕರಗಿದ್ದನ್ನು ಹೊರತೆಗೆಯಬೇಕೆಂದು ದ್ರವವನ್ನು ಕುದಿಸಿ ಬತ್ತಿಸುವುದು ಆಸ್ಪಿರಿನ್ ವಿಷಯದಲ್ಲಿ ಕೆಟ್ಟ ಉಪಾಯ. ಬಿಸಿಯಾದ ಹುಳಿನೀರಿನಲ್ಲಿ ಅದು ಒಡೆದು ಸ್ಯಾಲಿಸಿಲಿಕ್ ಆಮ್ಲಕ್ಕೆ ಹಿಂತಿರುಗುತ್ತದೆ.

ಇನ್ನು ಉಳಿದ ಕಳೆತ ಚಿಲ್ಲರೆ ಪಲ್ಲರೆ. ಫ್ಲಾಸ್ಕಿನ ಗೋಡೆಗೆ ಅಂಟಿದ್ದು, ಫಿಲ್ಟರ್ ಪೇಪರಿನ ನಾರಿಗೆ ಸಿಕ್ಕಿದ್ದು, ಸ್ಪ್ಯಾಚುಲಾದಲ್ಲಿ ಉಳಿದದ್ದು. ಒಂದೊಂದೂ ಕೆಲವು ಮಿಲಿಗ್ರಾಂ. ಇಪ್ಪತ್ತು ಗ್ರಾಂ ತಯಾರಿಸುವವರಿಗೆ ಇದು ಗಮನಕ್ಕೇ ಬರುವುದಿಲ್ಲ. ಎರಡು ಗ್ರಾಂ ಕೆಲಸದಲ್ಲಿ 50 ಮಿಲಿಗ್ರಾಂ ಹೋದರೆ ಶೇ. 2 ಹೋಯಿತು. ಅದಕ್ಕೇ ಚಿಕ್ಕ ಪ್ರಮಾಣದ ಪ್ರಯೋಗಗಳಲ್ಲಿ ಇಳುವರಿ ತಾನಾಗಿ ಕೆಳಗಿರುತ್ತದೆ. ಇನ್ನೊಬ್ಬರ ಅಂಕಿಯೊಂದಿಗೆ ಹೋಲಿಸುವ ಮುಂಚೆ ಅವರು ಎಷ್ಟು ಗ್ರಾಂನಿಂದ ಶುರುಮಾಡಿದ್ದರು ಎಂದು ಕೇಳಬೇಕು.

ವಿದ್ಯಾರ್ಥಿಗಳಷ್ಟೇ ಅಲ್ಲ, ಸಂಶೋಧಕರೂ ಈ ಅಂಕಿಯ ಆಕರ್ಷಣೆಗೆ ಸಿಕ್ಕವರೇ. ಸಂಶೋಧನಾ ಲೇಖನಗಳಲ್ಲಿ ಶೇ. 95, 97, 99 ಎಂದು ಬರುವ ಇಳುವರಿಗಳು ನಿಜಕ್ಕೂ ಸಾಧ್ಯವೇ ಎಂದು ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದ ಮಾರ್ಟಿನಾ ವೆರ್ನೆರೋವಾ ಮತ್ತು ತೊಮಾಶ್ ಹುಡ್ಲಿಕಿ ಪರೀಕ್ಷಿಸಿ ನೋಡಿ, 2010ರಲ್ಲಿ ಸಿನ್‌ಲೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ವಿಧಾನ ನೇರವಾಗಿತ್ತು. ತೂಕ ಗೊತ್ತಿರುವ ಶುದ್ಧ ವಸ್ತುವನ್ನು ತೆಗೆದುಕೊಂಡು, ಯಾವ ಕ್ರಿಯೆಯನ್ನೂ ನಡೆಸದೆ, ಕ್ರಿಯೆಯ ನಂತರ ಮಾಡುವ ಸೋಸುವಿಕೆ, ಬೇರ್ಪಡಿಸುವಿಕೆ, ಶುದ್ಧೀಕರಣಗಳ ಮೂಲಕ ಹಾಯಿಸಿ ಕೊನೆಗೆ ಎಷ್ಟು ಉಳಿಯಿತೆಂದು ತೂಗಿದರು. ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಕಳೆಯುತ್ತಿತ್ತು. ಸಾಮಾನ್ಯ ಕೆಲಸದ ಕ್ರಮದಲ್ಲಿ ಶೇ. 94ಕ್ಕಿಂತ ಹೆಚ್ಚಿನ ಇಳುವರಿಯನ್ನು ನಂಬುವುದು ಕಷ್ಟ ಎಂಬ ನಿಲುವಿಗೆ ಅವರು ಬಂದರು. ಕ್ರಿಯೆ ನೂರಕ್ಕೆ ನೂರು ನಡೆದಿದ್ದರೂ ಕೈಗೆ ಅಷ್ಟು ಬರುವುದಿಲ್ಲ.

ಈ ಅನುಮಾನಕ್ಕೆ ಮದ್ದನ್ನು 1921ರಲ್ಲೇ ಶುರುವಾದ ಆರ್ಗ್ಯಾನಿಕ್ ಸಿಂಥೆಸಿಸ್ ಎಂಬ ಪ್ರಕಟಣೆ ಕಂಡುಕೊಂಡಿದೆ. ಅದಕ್ಕೆ ಯಾರು ತಯಾರಿಕಾ ವಿಧಾನ ಕಳಿಸಿದರೂ ಸಂಪಾದಕ ಮಂಡಳಿಯ ಸದಸ್ಯರೊಬ್ಬರ ಪ್ರಯೋಗಾಲಯದಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡುತ್ತಾರೆ. ಹೇಳಿದ ಇಳುವರಿ ಅವರ ಕೈಗೂ ಬಂದರೆ ಮಾತ್ರ ಅಚ್ಚಾಗುತ್ತದೆ. ನಮ್ಮ ಕಾಲೇಜುಗಳಲ್ಲೂ ಒಂದು ತಂಡದ ಬರವಣಿಗೆಯನ್ನಷ್ಟೇ ಓದಿ ಇನ್ನೊಂದು ತಂಡ ಪ್ರಯೋಗ ಮಾಡುವ ಪದ್ಧತಿ ಬಂದರೆ "ಸ್ವಲ್ಪ ನೀರು ಹಾಕಿ ತೊಳೆದೆವು" ಎಂಬಂಥ ವಾಕ್ಯಗಳು ರೆಕಾರ್ಡಿನಿಂದ ತಾವಾಗಿ ಮಾಯವಾಗುತ್ತವೆ.

ಒಂದಕ್ಕಿಂತ ಹೆಚ್ಚು ಹಂತಗಳಿದ್ದಾಗ ಇಳುವರಿ ಇನ್ನೂ ಗಂಭೀರ ವಿಷಯ. ಕೆಲವು ಕಾಲೇಜುಗಳಲ್ಲಿ ಸ್ಯಾಲಿಸಿಲಿಕ್ ಆಮ್ಲವನ್ನು ಬಾಟಲಿಯಿಂದ ತೆಗೆಯದೆ, ನೋವಿನ ಮುಲಾಮುಗಳಿಗೆ ಗಾಢ ವಾಸನೆ ಕೊಡುವ ವಿಂಟರ್‌ಗ್ರೀನ್ ಎಣ್ಣೆಯಿಂದ ಮೊದಲು ತಯಾರಿಸಿಕೊಳ್ಳುತ್ತಾರೆ. ಆ ಹಂತಕ್ಕೆ ಶೇ. 80, ಆಸ್ಪಿರಿನ್ ಹಂತಕ್ಕೆ ಶೇ. 70 ಬಂದರೆ ಒಟ್ಟು ಇಳುವರಿ ಸರಾಸರಿಯಾದ ಶೇ. 75 ಅಲ್ಲ. 0.80ನ್ನು 0.70ರಿಂದ ಗುಣಿಸಬೇಕು, ಶೇ. 56. ಹತ್ತು ಹಂತಗಳ ಔಷಧಿಯೊಂದರಲ್ಲಿ ಪ್ರತಿ ಹಂತಕ್ಕೂ ಶೇ. 90 ಬಂದರೂ ಕೊನೆಗೆ ಉಳಿಯುವುದು ಶೇ. 35 ಮಾತ್ರ.

ಶೇಕಡಾ ಇಳುವರಿಯ ಲೆಕ್ಕಕ್ಕೆ ಸಿಗದ ಒಂದು ಸಂಗತಿಯೂ ಇದೆ. ಮೇಲಿನ ಸಮೀಕರಣವನ್ನು ಇನ್ನೊಮ್ಮೆ ನೋಡಿ. ಕ್ರಿಯೆ ನೂರಕ್ಕೆ ನೂರು ನಡೆದರೂ 180 ಗ್ರಾಂ ಆಸ್ಪಿರಿನ್ ಜೊತೆ 60 ಗ್ರಾಂ ಅಸಿಟಿಕ್ ಆಮ್ಲ ಬಂದೇ ಬರುತ್ತದೆ. ಒಳಗೆ ಹೋದ 240 ಗ್ರಾಂನಲ್ಲಿ ಔಷಧಿಯಾಗುವುದು ಮುಕ್ಕಾಲು ಪಾಲು ಮಾತ್ರ. ಅಮೆರಿಕದ ಬ್ಯಾರಿ ಟ್ರಾಸ್ಟ್ 1991ರಲ್ಲಿ ಈ ಅಳತೆಗೆ ಆಟಂ ಎಕಾನಮಿ ಎಂದು ಹೆಸರಿಟ್ಟರು. ಹೆಚ್ಚಿಗೆ ಸುರಿದ ಆನ್‌ಹೈಡ್ರೈಡ್, ತೊಳೆದ ನೀರು, ಆಲ್ಕೋಹಾಲ್ ಇವು ಆ ಲೆಕ್ಕದಲ್ಲೂ ಇಲ್ಲ.

ಕಾರ್ಖಾನೆಗೆ ಇವೆಲ್ಲವೂ ಹಣ. ಅಲ್ಲಿ ಮದರ್ ಲಿಕರನ್ನು ಚೆಲ್ಲುವುದಿಲ್ಲ. ನೀರು ಹಾಕದೆ ತಣಿಸಿ ಹರಳು ತೆಗೆದು, ಉಳಿದ ಆನ್‌ಹೈಡ್ರೈಡ್ ಮತ್ತು ಅಸಿಟಿಕ್ ಆಮ್ಲದ ದ್ರವಕ್ಕೆ ಹೊಸ ಸ್ಯಾಲಿಸಿಲಿಕ್ ಆಮ್ಲವನ್ನೂ ಬೇಕಾದಷ್ಟು ಆನ್‌ಹೈಡ್ರೈಡನ್ನೂ ಸೇರಿಸಿ ಮುಂದಿನ ಬ್ಯಾಚ್ ಶುರುಮಾಡಬಹುದು. ಆ ದ್ರವ ಮೊದಲೇ ತನಗೆ ಹಿಡಿಸುವಷ್ಟು ಆಸ್ಪಿರಿನ್ನನ್ನು ಕರಗಿಸಿಕೊಂಡಿರುವುದರಿಂದ ಎರಡನೇ ಬ್ಯಾಚಿನ ಹರಳನ್ನು ಮತ್ತೆ ಅಷ್ಟಾಗಿ ನುಂಗುವುದಿಲ್ಲ. ಹೀಗಾಗಿ ಮೊದಲ ಬ್ಯಾಚಿಗಿಂತ ಎರಡನೆಯದರ ಇಳುವರಿ ಏರುತ್ತದೆ. ಹಿಂದಿನ ಬ್ಯಾಚಿನ ಆಸ್ಪಿರಿನ್ ಈ ಸಲ ಹರಳಾಗಿ ಹೊರಬಂದರೆ ಲೆಕ್ಕ ನೂರನ್ನೂ ದಾಟಬಹುದು. ಆದ್ದರಿಂದ ಅಲ್ಲಿನವರು ಒಂದು ಬ್ಯಾಚಿನ ಇಳುವರಿಯನ್ನು ನಂಬಿ ಕೂರುವಂತಿಲ್ಲ. ಹಲವು ಬ್ಯಾಚುಗಳಿಗೆ ಹಾಕಿದ ಒಟ್ಟು ಸ್ಯಾಲಿಸಿಲಿಕ್ ಆಮ್ಲವನ್ನೂ ಅವುಗಳಿಂದ ಬಂದ ಒಟ್ಟು ಆಸ್ಪಿರಿನ್ನನ್ನೂ ಕೂಡಿಸಿ, ಆಮೇಲೆ ಭಾಗಿಸಬೇಕು.